ವಿಮಾನದಲ್ಲಿ ಕಳಿಸುವ ಕಾಫಿಯ ಬಿಲ್ಲಿನಲ್ಲಿ ಒಂದು ಬದಲಾವಣೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ, ವಿದೇಶಕ್ಕೆ ವಿಮಾನದಲ್ಲಿ ಹೋಗುವ ಕಾಫಿಗೆ ಸಾಗಣೆ ಖರ್ಚನ್ನು ಬರೀ ತಕ್ಕಡಿ ತೂಕ ನೋಡಿ ಹಾಕುವುದಿಲ್ಲ. ವಿಮಾನದವರು ನಮಗೆ ಹಾಕುವ ಚಾರ್ಜೆಬಲ್ ವೇಟನ್ನೇ ನಿಮಗೂ ಹಾಕುತ್ತೇವೆ. ಇಷ್ಟು ದಿನ ವ್ಯತ್ಯಾಸವನ್ನು ಸಂಘವೇ ಕಟ್ಟುತ್ತಿತ್ತು. ಗಿಫ್ಟ್ ಬಾಕ್ಸ್ ಆರ್ಡರ್ ಜಾಸ್ತಿಯಾದ ಮೇಲೆ ಅದು ನಮಗೆ ಭಾರವಾಗುತ್ತಿದೆ.

ಲೆಕ್ಕ ಹೀಗಿದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಬೇಕು. ಬಂದ ಸಂಖ್ಯೆ, ತಕ್ಕಡಿ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತವೆ, ಅಲ್ಲಿ ಇನ್ನೂ ದುಬಾರಿ.

ಪುತ್ತರಿಗೆ ದುಬೈಗೆ 10 ಪೆಟ್ಟಿಗೆ ಗಿಫ್ಟ್ ಕಾಫಿ ಹೋಗಬೇಕು ಅಂದುಕೊಳ್ಳಿ. ಒಂದೊಂದರ ಅಳತೆ 60×40×50, ತೂಕ 12 ಕೆಜಿ.

```
60 × 40 × 50 ÷ 6000 = 20
```

ತಕ್ಕಡಿಯಲ್ಲಿ ಒಟ್ಟು 120 ಕೆಜಿ, ಬಿಲ್ಲು ಮಾತ್ರ 200 ಕೆಜಿಗೆ. ಹುರಿದ ಬೀಜವೇ ಹಗುರ, ಅದರ ಮೇಲೆ ಗಿಫ್ಟ್ ಬಾಕ್ಸಿನೊಳಗಿನ ಖಾಲಿ ಜಾಗಕ್ಕೂ ದುಡ್ಡು. ಅದೇ ಕಾಫಿ ಪೌಚುಗಳನ್ನು 45×35×30ರ ಪೆಟ್ಟಿಗೆಯಲ್ಲಿ ಒತ್ತಾಗಿ ಜೋಡಿಸಿದರೆ ಒಂದಕ್ಕೆ 10.5 ಕೆಜಿ ತೂಗುತ್ತದೆ. ಅಳತೆಯ ಲೆಕ್ಕದಲ್ಲಿ 8 ಕೆಜಿಗೂ ಕಡಿಮೆ. ಆಗ ತಕ್ಕಡಿಯೇ ಗೆಲ್ಲುತ್ತದೆ, 105 ಕೆಜಿ. ಗಿಫ್ಟ್ ಬಾಕ್ಸುಗಳನ್ನು ಮಡಚಿ 15 ಕೆಜಿಯ ಒಂದು ಕಟ್ಟು ಮಾಡಿದರೂ 120 ಕೆಜಿ ದಾಟುವುದಿಲ್ಲ. ಅಲ್ಲಿ ಮಡಚಿ ಜೋಡಿಸಲು ಕೈ ಇದ್ದರೆ ಹೀಗೆ ಮಾಡುವುದೇ ವಾಸಿ ಅಂತ ನಮ್ಮ ಅಭಿಪ್ರಾಯ.

ಒಂದು ವಿಷಯ ನೆನಪಿರಲಿ. ಅಳೆಯುವುದು ಹೊರಗಿನ ಅಳತೆಯನ್ನು. ಹೆಚ್ಚು ತುಂಬಿ ಪಕ್ಕ ಉಬ್ಬಿದ ಪೆಟ್ಟಿಗೆಯನ್ನು ಕಾರ್ಗೋ ಟರ್ಮಿನಲ್ಲಿನಲ್ಲಿ ಉಬ್ಬಿದ ಜಾಗಕ್ಕೇ ಟೇಪು ಹಿಡಿದು ಅಳೆಯುತ್ತಾರೆ. ಕೆಳಗೆ ಪ್ಯಾಲೆಟ್ ಇದ್ದರೆ ಅದರ ಎತ್ತರವೂ ಸೇರುತ್ತದೆ.

ಹಾಗಾದರೆ ಹಡಗಿನಲ್ಲೇ ಕಳಿಸಬಾರದೇ ಅಂತ ಕೇಳುತ್ತೀರಿ, ಅಲ್ವಾ? ಹುರಿಯದ ಬೀಜದ ಮೂಟೆಗಳಿಗೆ ಹಡಗೇ ಸರಿ. ಅದು ಭಾರ, ಅವಸರವೂ ಇರುವುದಿಲ್ಲ. ಸಣ್ಣ ಆರ್ಡರಿನ ಕಥೆ ಬೇರೆ. ಬೇರೆಯವರ ಸಾಮಾನಿನ ಜೊತೆ ಕಂಟೇನರ್ ಹಂಚಿಕೊಂಡಾಗ ಸಾಮಾನ್ಯವಾಗಿ ಕನಿಷ್ಠ 1 ಘನ ಮೀಟರಿನ ದರ ಕಟ್ಟಬೇಕು, ನಿಮ್ಮದು ಅರ್ಧವೇ ಇದ್ದರೂ. ಅಲ್ಲಿ ಇಳಿದ ಮೇಲೆ ಗೋದಾಮು, ಡೆಲಿವರಿ ಆರ್ಡರ್ ಅಂತ ಬೇರೆ ಖರ್ಚು. ಅದು 50 ಕೆಜಿಗೂ 500 ಕೆಜಿಗೂ ಹೆಚ್ಚುಕಡಿಮೆ ಒಂದೇ. ಹೀಗಾಗಿ 50 ಕೆಜಿಯಷ್ಟು ಕಾಫಿಗೆ ಎಷ್ಟೋ ಸಲ ವಿಮಾನವೇ ಅಗ್ಗ. ದುಬೈಯಂಥ ಹತ್ತಿರದ ಊರಿಗೆ ಸಮುದ್ರದಲ್ಲಿ ಕಳೆಯುವ ದಿನಕ್ಕಿಂತ ಕಂಟೇನರ್ ತುಂಬಲು, ಬಿಡಿಸಲು ಕಾಯುವ ದಿನ ಜಾಸ್ತಿ ಆಗುವುದುಂಟು. ಹಬ್ಬದ ದಿನ ಗೊತ್ತಿದ್ದೂ ಹಡಗು ನಂಬುವುದು ಬೇಡ.

ಇನ್ನು ಮುಂದೆ ಆರ್ಡರ್ ಕೊಡುವಾಗ ಸರಕು ಯಾವ ದಿನದೊಳಗೆ ತಲುಪಬೇಕು, ಗಿಫ್ಟ್ ಬಾಕ್ಸ್ ಜೋಡಿಸಿಯೇ ಬರಬೇಕೇ ಅಥವಾ ಮಡಚಿದರೂ ನಡೆಯುತ್ತದೆಯೇ ಎಂದು ತಿಳಿಸಿ. ಪ್ಯಾಕ್ ಮಾಡುವ ಮೊದಲೇ ಎರಡೂ ಲೆಕ್ಕ ಕಳಿಸುತ್ತೇವೆ. ನೀವು ಒಪ್ಪಿದ ಮೇಲೆಯೇ ಪೆಟ್ಟಿಗೆ ಕಟ್ಟುತ್ತೇವೆ.

ಇಂತಿ,
ಕಾರ್ಯದರ್ಶಿ
ಕಾಫಿ ಬೆಳೆಗಾರರ ಸಹಕಾರ ಸಂಘ, ಕುಶಾಲನಗರ