ಉರಿಮೂತ್ರ: ಎಷ್ಟು ದಿನ ಕಾಯಬಹುದು?

ಅಕ್ಕತಂಗಿಯರೇ, ನಿನ್ನೆ ಇಬ್ಬರು ಕೇಳಿದ್ದರಿಂದ ಇಲ್ಲೇ ಬರೆಯುತ್ತಿದ್ದೇನೆ. ಉರಿ, ಹತ್ತು ನಿಮಿಷಕ್ಕೊಮ್ಮೆ ಅವಸರ, ಹೋದರೆ ನಾಲ್ಕೇ ಹನಿ. ಆದರೆ ಜ್ವರವಿಲ್ಲ ಎಂದರೆ ಸೋಂಕು ಸಾಮಾನ್ಯವಾಗಿ ಮೂತ್ರಚೀಲದಲ್ಲೇ ಇರುತ್ತದೆ. ಮೂತ್ರ ತಿಳಿಹಳದಿಯಾಗುವಷ್ಟು ನೀರು ಕುಡಿಯಿರಿ, ಬಂದಾಗ ತಡೆದುಕೊಳ್ಳಬೇಡಿ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಬಾರ್ಲಿ ನೀರು ಹಿತವೇನೋ ಹೌದು, ಆದರೆ ಸೋಂಕನ್ನು ಕೊಲ್ಲುವುದಿಲ್ಲ. 2 ದಿನದಲ್ಲಿ ತಗ್ಗದಿದ್ದರೆ ಡಾಕ್ಟರಿಗೆ ತೋರಿಸಿ, ಮೂತ್ರ ಪರೀಕ್ಷೆ ಮಾಡಿಸಿ. ಡಬ್ಬಿಯಲ್ಲಿ ಉಳಿದ ಹಳೇ ಆಂಟಿಬಯೋಟಿಕ್ ಮಾತ್ರ ನುಂಗಬೇಡಿ.

ನನ್ನ ನಾದಿನಿ 4 ದಿನ ಸುಮ್ಮನಿದ್ದಳು. ಐದನೇ ಸಂಜೆ ಹಲ್ಲು ಕಟಕಟಿಸುವ ಚಳಿಜ್ವರ, ವಾಂತಿ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದೇ ಬದಿ ನೋವು. ಸೋಂಕು ಕಿಡ್ನಿಗೆ ಏರಿದ ಗುರುತು ಇದೇ. ಬೆಳಗಿನವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಮೂತ್ರದಲ್ಲಿ ರಕ್ತ ಕಂಡವರು ಮೊದಲ ದಿನವೇ ತೋರಿಸಿ.