ರಾತ್ರಿ ಹೊಳೆಯುವ ಉತ್ತರ

ಚಿರಂಜೀವಿಗೆ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ತಾಯಿ ಬರೆದೇ ಇರುತ್ತಾಳೆ. ನಾನು ಬರೆಯುತ್ತಿರುವುದು ನಿನ್ನ ಪತ್ರದ ಒಂದೇ ಸಾಲಿನಿಂದಾಗಿ. ಗೆಳೆಯರು ಛೇಡಿಸಿದಾಗ ಬಾಯಿ ಕಟ್ಟಿಹೋಗುತ್ತದೆ, ತಕ್ಕ ಉತ್ತರ ರಾತ್ರಿ ಹಾಸಿಗೆಯಲ್ಲಿ ಹೊಳೆಯುತ್ತದೆ, ‘ನಾನು ಮಂದಬುದ್ಧಿಯವನೇ ಇರಬೇಕು’ ಎಂದಿದ್ದೀಯೆ. ಆ ಮಾತು ಎರಡು ದಿನದಿಂದ ನನ್ನನ್ನು ಕೊರೆಯುತ್ತಿದೆ.

ಹದಿನೆಂಟನೆಯ ಶತಮಾನದ ಫ್ರೆಂಚ್ ಚಿಂತಕ ದಿದರೋ, ಊಟದ ಕೂಟವೊಂದರಲ್ಲಿ ಒಂದು ಮಾತಿಗೆ ತಬ್ಬಿಬ್ಬಾಗಿ, ತನ್ನಂಥವನಿಗೆ ಬುದ್ಧಿ ಮರಳುವುದು ಮೆಟ್ಟಿಲಿಳಿದ ಮೇಲೆಯೇ ಎಂದು ಬರೆದುಕೊಂಡ. ವಿಶ್ವಕೋಶವನ್ನೇ ಸಂಪಾದಿಸಿದವನು ಮಂದಬುದ್ಧಿಯೇ? ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಆರಂಭಿಸುವ ನಡುವೆ ಸಾಮಾನ್ಯವಾಗಿ ಇರುವ ಬಿಡುವು ಸೆಕೆಂಡಿನ ಐದನೆಯ ಒಂದು ಭಾಗದಷ್ಟು. ಅಷ್ಟರಲ್ಲಿ ಚಮತ್ಕಾರವನ್ನು ಹೊಸದಾಗಿ ಕಟ್ಟುವುದು ಯಾರಿಗೂ ಸುಲಭವಲ್ಲ.

ಚುರುಕಿನವರು ಕಟ್ಟುವುದೇ ಇಲ್ಲ, ಎದುರಿನವರ ಪದವನ್ನೇ ಎತ್ತಿಕೊಳ್ಳುತ್ತಾರೆ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. ಒಮ್ಮೆ ನಾನು ತಡವಾಗಿ ಹೋದಾಗ, ಬಹಳ ಮಾತನಾಡುವ ಗೆಳೆಯನೊಬ್ಬ ಎಲ್ಲರೆದುರು, ‘ಬಂದೆಯಾ? ಸಭೆಯೇ ಮುಗಿಯಿತಲ್ಲ!’ ಎಂದ. ನಾನು ಪೆಚ್ಚಾಗಿ ನಿಂತೆ. ಮೂರು ದಿನ ಹೊಸೆದು, ‘ನೀನು ಅಂದು ಹಾಗೆ ಅಂದೆಯಲ್ಲ, ನಿನ್ನ ಭಾಷಣದ ಹಿಂಸೆ ಮುಗಿಯಲಿ ಎಂದೇ ನಾನು ಬೇಕೆಂದು ಹೊರಗೆ ಕಾಯುತ್ತಿದ್ದೆ’ ಎಂದು ಹೇಳಿದೆ. ಯಾರೂ ನಗಲಿಲ್ಲ. ಅಂದಿನ ಮಾತನ್ನು ಎಲ್ಲರಿಗೂ ನೆನಪಿಸಿಕೊಡಬೇಕಾಗಿ ಬಂದದ್ದರಿಂದಲೇ ಅದು ತಮಾಷೆಯಾಗಿ ಉಳಿಯದೆ, ಮೂರು ದಿನ ಮನಸ್ಸಿನಲ್ಲಿಟ್ಟುಕೊಂಡ ಹಗೆಯಂತೆ ಕೇಳಿಸಿತು. ಅದೇ ಗಳಿಗೆಯಲ್ಲಿ, ‘ನಿನ್ನ ಭಾಷಣವೂ ಮುಗಿಯಿತೇ?’ ಎಂದಿದ್ದರೆ ಸಾಕಿತ್ತು. ‘ಮುಗಿಯಿತು’ ಎಂಬ ಪದವನ್ನು ಅವನೇ ಕೊಟ್ಟಿದ್ದ.

ಉಪದೇಶಿಸಲು ನಾನು ಯಾರು, ಆದರೂ ಒಂದು ಮಾತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕುಟುಕುವ ಪದ ನಡುವೆಯೇ ಬಂದುಬಿಡುತ್ತದೆ, ಆಮೇಲಿನ ‘ಕಾಯುತ್ತಿದ್ದೆ’ ನಗುವನ್ನು ತಡೆಯುತ್ತದೆ. ‘ಹೊರಗೇ ಇದ್ದೆ, ನಿನ್ನ ಭಾಷಣ ಮುಗಿಯಲೆಂದು’ ಎಂದು ತಿರುಗಿಸಿದರೆ ಕುಟುಕು ತುದಿಗೆ ಬರುತ್ತದೆ. ಆಮೇಲೆ ಒಂದಕ್ಷರವೂ ಬೇಡ. ವಿವರಿಸಲು ಹೊರಟರೆ ಕೆಟ್ಟಿತು.

ಮಾತು ಮುಂದಿನ ವಿಷಯಕ್ಕೆ ಸರಿದಿದ್ದರೆ ರಾತ್ರಿ ಹೊಳೆದದ್ದನ್ನು ಬೆಳಗ್ಗೆ ಒಯ್ಯಬೇಡ, ನನಗೇ ಬರೆದು ಕಳಿಸು. ಅವು ಮಂದಬುದ್ಧಿಯವನ ಮಾತುಗಳೋ ಅಲ್ಲವೋ ನಾನೇ ನೋಡುತ್ತೇನೆ.

ಆ ಗೆಳೆಯ ನನ್ನೊಡನೆ ಜಗಳವಾಡಲಿಲ್ಲ. ಆದರೆ ಅಂದಿನಿಂದ ನಾನು ಎಷ್ಟು ತಡವಾಗಿ ಹೋದರೂ, ‘ಬನ್ನಿ, ಕುಳಿತುಕೊಳ್ಳಿ’ ಎನ್ನುತ್ತಿದ್ದ.

ಇಂತು ನಿನ್ನ ಸೋದರಮಾವ