ಚಲನ್ ಪಕ್ಕಕ್ಕಿಟ್ಟ ಕೌಂಟರಿನ ಸಹೋದರಿಗೆ

ವರ್ಗಾವಣೆಯಾದ ಸೈನಿಕನೆಂದು ಹೇಳಿಕೊಂಡವನೊಬ್ಬ ಸಮವಸ್ತ್ರದ ಫೋಟೊವನ್ನೂ ಕ್ಯಾಂಟೀನ್ ಕಾರ್ಡನ್ನೂ ವಾಟ್ಸಾಪಿನಲ್ಲಿ ಕಳುಹಿಸಿ, 22,000 ರೂಪಾಯಿಯ ಸ್ಕೂಟರನ್ನು ಸೇನೆಯ ಲಾರಿಯಲ್ಲೇ ಮನೆಗೆ ತಲುಪಿಸುವುದಾಗಿ ನನ್ನನ್ನು ನಂಬಿಸಿದ್ದ. ಸಾಗಣೆಗೆಂದು 3,150 ರೂಪಾಯಿ ಕೊಟ್ಟಾಗಿತ್ತು. ‘ವಾಪಸ್ ಬರುವ ಠೇವಣಿ’ ಎಂದು ಅವನು ಮತ್ತೆ ಕೇಳಿದ 8,500 ರೂಪಾಯಿ ಕಟ್ಟಲು ಸೋಮವಾರ ಬ್ಯಾಂಕಿಗೆ ಬಂದಿದ್ದೆ. ಕೌಂಟರಿನಲ್ಲಿದ್ದ ತಾವು ಚಲನ್ ಪಕ್ಕಕ್ಕಿಟ್ಟು, ‘ಗಾಡಿ ಕಣ್ಣಾರೆ ನೋಡಿದ್ದೀರಾ ಸರ್?’ ಎಂದಷ್ಟೇ ಕೇಳಿದಿರಿ. ಬಳಿಕ ಫೋಟೊದಲ್ಲಿದ್ದ ನೋಂದಣಿ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪಿನಲ್ಲಿ ನನ್ನ ಕೈಯಿಂದಲೇ ಹಾಕಿಸಿದಿರಿ. ಅದು ಸ್ಕೂಟರಿನದಲ್ಲ, ಯಾರದೋ ಕಾರಿನದು. ಬೆವೆತು ನಿಂತ ನನಗೆ ನೀರು ಕೊಟ್ಟು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಮೊದಲ ಪಾವತಿಯ ಸಂಖ್ಯೆಯನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಿರಿ. ಆ 3,150 ಇನ್ನೂ ಬಂದಿಲ್ಲ. 8,500 ಉಳಿಯಿತು. ಗಾಬರಿಯಲ್ಲಿ ತಮ್ಮ ಹೆಸರು ಕೇಳುವುದನ್ನೂ ಮರೆತೆ, ಧನ್ಯವಾದಗಳು.